ಹೋಗದ ಕ್ಲಾಸಿನ ದುಡ್ಡು ಕೇಳೂಕೆ ನಾಚಿಕೆ ಎಂತಕ್ಕೆ?

ನಮ್ಮ ಬೆಳಂಬಾರದ ಹೆಂಗಸರಿಗೆ ಮೀನು ಮಾರೂವಳ ಹತ್ರ ಹತ್ತು ರೂಪಾಯಿಗೆ ಅರ್ಧ ತಾಸು ಚೌಕಾಶಿ ಮಾಡೂಕೆ ಬರ್ತದೆ. ಆದ್ರೆ ಯೋಗ ಕ್ಲಾಸಿಗೆ ಕಟ್ಟಿದ ಸಾವಿರಗಟ್ಟಲೆ ದುಡ್ಡು ವಾಪಸ್ ಕೇಳೂಕೆ ಬಾಯಿ ಬರೂದಿಲ್ಲ. "ಹೋಗ್ಲಿ ಬಿಡೆ, ನಾವೇ ಹೋಗ್ಲಿಲ್ಲ ಅಲ್ಲಾ" ಅಂದು ಸುಮ್ನಾಗ್ತೇವೆ. ಹಂಗೆ ಸುಮ್ನಾಗೂದೂ ಸರಿಯಲ್ಲ, ಪೂರ್ತಿ ದುಡ್ಡು ಕೊಡು ಅಂದು ಜಗಳಕ್ಕೆ ನಿಲ್ಲೂದೂ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ನಂಗೆ ಆದದ್ದೇ ಹೇಳ್ತೆ, ಕೇಳಿ.

ಅಂಕೋಲೆಯಲ್ಲಿ ಒಂದು ಯೋಗ ಕ್ಲಾಸಿಗೆ ಸೇರಿದ್ದೆ. ಹೆಸರು ಬೇಡ, ಕಲಿಸೂವರು ಒಳ್ಳೆಯವರೇ. 36 ಕ್ಲಾಸಿಗೆ 9,000 ರೂಪಾಯಿ, ವಾರಕ್ಕೆ 3 ದಿನ, ನಾಲ್ಕು ತಿಂಗಳ ಒಳಗೆ ಮುಗಿಸ್ಬೇಕು. ಪ್ಯಾಕೇಜ್ ತಕೊಳ್ಳದೆ ಬಿಡಿಯಾಗಿ ಹೋದ್ರೆ ಒಂದು ಕ್ಲಾಸಿಗೆ 350. ಮಾರ್ಚ್ 5ಕ್ಕೆ ದುಡ್ಡು ಕಟ್ಟಿದೆ, ಕ್ಲಾಸು ಶುರುವಾದದ್ದು 16ಕ್ಕೆ. ಮೇ ತಿಂಗಳ ಸುರುವಿಗೆ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರ್ಕಂಡ್ರು. ಅಲ್ಲಿಗೆ ನನ್ನ ಯೋಗ ಮುಗೀತು. ನಾಲ್ಕನೇ ತಾರೀಕಿಗೆ ಫೋನ್ ಮಾಡಿ "ಇನ್ನು ಬರೂಕೆ ಆಗೂದಿಲ್ಲ" ಅಂದಿದ್ದೆ. ದುಡ್ಡಿನ ಮಾತು ಎತ್ತೂಕೆ ಮಾತ್ರ ಮತ್ತೆ ಎರಡು ವಾರ ಬೇಕಾಯ್ತು.

ಕೇಳಿದಾಗ ಬಂದ ಉತ್ತರ: "ಅಕ್ಕಾ, ರಿಫಂಡ್ ಇಲ್ಲ. ಜುಲೈ 5ರ ಒಳಗೆ ಬಂದು ಮುಗಿಸಿ, ಆಮೇಲೆ ಲ್ಯಾಪ್ಸ್ ಆಗ್ತದೆ."

ಮನೆಗೆ ಬಂದು ರಶೀದಿ ತೆಗೆದು ನೋಡಿದೆ. ಅದ್ರಲ್ಲಿ ಇದ್ದದ್ದು "36 ಕ್ಲಾಸ್, 4 ತಿಂಗಳು" ಅಷ್ಟೇ. ದುಡ್ಡು ವಾಪಸ್ ಇಲ್ಲ ಅಂತ ಎಲ್ಲೂ ಇಲ್ಲ, ಸೇರೂವಾಗ ಬಾಯಲ್ಲೂ ಹೇಳಿರ್ಲಿಲ್ಲ. ದುಡ್ಡು ತಕೊಂಡ ಮೇಲೆ ಹೇಳಿದ ಷರತ್ತು ನಮ್ಮ ಒಪ್ಪಂದದ ಒಳಗೆ ಬರೂದಿಲ್ಲ. ಅದೇ ಸೇರೂವ ಮೊದಲೇ ತೋರಿಸಿ ಸಹಿ ಹಾಕಿಸ್ಕಂಡಿದ್ರೆ ನನ್ನ ಮಾತಿಗೆ ತೂಕ ಕಮ್ಮಿ ಆಗ್ತಿತ್ತು. ಇನ್ನೊಂದು, ನಾಲ್ಕು ತಿಂಗಳು ಯಾವತ್ತಿಂದ? ಅವರು ದುಡ್ಡು ಕಟ್ಟಿದ ದಿನದಿಂದ ಲೆಕ್ಕ ಹಾಕಿದ್ರು. ಅವರೇ ಕ್ಲಾಸು ಶುರು ಮಾಡದ ಹನ್ನೊಂದು ದಿನ ನನ್ನ ಲೆಕ್ಕಕ್ಕೆ ಹೆಂಗೆ ಬರ್ತದೆ? ನಡುವೆ ಅವರೇ ಊರಿಗೆ ಹೋಗಿ 5 ಕ್ಲಾಸು ತಪ್ಪಿಸಿದ್ರು, ಆ ದಿನಗಳೂ ಮುಂದೆ ಸೇರ್ಬೇಕು. 2020ರ ಲಾಕ್‌ಡೌನಲ್ಲಿ ಮಾರ್ಚ್ ಕೊನೆಯಿಂದ ಆಗಸ್ಟ್ 5ರ ತನಕ ಜಿಮ್ಮು, ಯೋಗ ಕೇಂದ್ರ ಎಲ್ಲಾ ಮುಚ್ಚಿತ್ತು, ನೆನಪಿದೆ ಅಲ್ಲಾ? ಬಾಗಿಲು ಹಾಕಿದ ದಿನವನ್ನೂ ಅವಧಿ ಒಳಗೆ ತಿನ್ನಿಸೂದು ಯಾವ ನ್ಯಾಯ?

ಇನ್ನು ಎಷ್ಟು ಕೇಳೂದು? ಇಲ್ಲೇ ಎಲ್ಲರೂ ಎಡವೂದು.

ನಾನು ಹೋದದ್ದು 14 ಕ್ಲಾಸು. ಎರಡು ಸಲ ಹೇಳದೆ ಕೇಳದೆ ತಪ್ಪಿಸಿದ್ದೆ. ಆ ಎರಡೂ ಮುಗಿದ ಲೆಕ್ಕವೇ, ಎಂತಕ್ಕಂದ್ರೆ ಅವರು ನನ್ನ ಜಾಗ ಇಟ್ಕಂಡು ಕಾದಿದ್ರು. ಅಲ್ಲಿಗೆ 16 ಮುಗೀತು, 20 ಉಳೀತು. ನಮ್ಮ ಯಜಮಾನ್ರು "ಒಂದು ಕ್ಲಾಸಿಗೆ 250 ಬಿತ್ತು, 20 ಕ್ಲಾಸಿಗೆ 5,000 ಕೇಳು" ಅಂದ್ರು. ನಂಗೆ ಅದು ಸರಿ ಕಾಣ್ಲಿಲ್ಲ.

ನಮ್ಮ ಕರಿ ಇಶಾಡ ಮಾವಿನಹಣ್ಣೇ ತಕೊಳ್ಳಿ. ನೂರು ಹಣ್ಣು ಒಟ್ಟಿಗೆ ತಕೊಳ್ತೆ ಅಂದ್ರೆ ಒಂದು ದರ, ನಾಲ್ಕು ತಕೊಂಡ್ರೆ ಇನ್ನೊಂದು ದರ. ನೂರರ ದರ ಮಾಡ್ಕಂಡು, ನಲವತ್ತು ತಿಂದು, ಅರವತ್ತು ವಾಪಸ್ ಕೊಟ್ರೆ ಮಾರೂವಳು ಎಂತ ಹೇಳ್ತಾಳೆ? "ತಿಂದ ನಲವತ್ತಕ್ಕೆ ಬಿಡಿ ದರ ಕೊಡೇ" ಅಂತಾಳೆ. ಅದು ನ್ಯಾಯವೇ. ಹಂಗೆ ನಾನು ಮುಗಿಸಿದ 16 ಕ್ಲಾಸಿಗೆ ಬಿಡಿ ದರ 350 ಹಿಡಿದೆ, 5,600 ಆಯ್ತು. 9,000ದಲ್ಲಿ ಅದನ್ನ ಕಳೆದ್ರೆ 3,400. ನಾನು ಕೇಳಿದ್ದು ಇಷ್ಟೇ.

ಆದ್ರೆ ಬಿಡೂದು ಅವರಾದ್ರೆ ಲೆಕ್ಕ ಬೇರೆ. ಕ್ಲಾಸು ಮುಚ್ಚಿದ್ರು, ಬೆಳಗಿನ ಬ್ಯಾಚು ತೆಗೆದು ಸಂಜೆಗೆ ಹಾಕಿದ್ರು ಅಂದ್ರೆ, ನಾವು ಮಾತು ತಪ್ಪಿದ್ದಲ್ಲ ಅಲ್ಲಾ? ಆಗ 250ರ ಲೆಕ್ಕವೇ ಹಿಡೀಬೇಕು, 5,000 ಕೇಳ್ಬೇಕು. ಬಿಲ್ಲಲ್ಲಿ ಜಿಎಸ್‌ಟಿ ಬೇರೆ ತಕೊಂಡಿದ್ರೆ ವಾಪಸ್ ಬರೂವ ಪಾಲಿನ ತೆರಿಗೆಯನ್ನೂ ಸೇರಿಸಿ ಕೇಳಿ.

ನಾನು ವಾಟ್ಸಾಪಲ್ಲಿ ಕಳಿಸಿದ್ದು ಹೀಗೆ:

"ನಮಸ್ಕಾರ ಮೇಡಂ. ಮಾರ್ಚ್ 5ಕ್ಕೆ 36 ಕ್ಲಾಸಿಗೆ 9,000 ಕಟ್ಟಿದ್ದೆ. ಅತ್ತೆಯ ಕಾಲು ಮುರಿದದ್ದರಿಂದ ಮುಂದುವರಿಸಲು ಆಗುವುದಿಲ್ಲ ಎಂದು ಮೇ 4ಕ್ಕೆ ಫೋನ್ ಮಾಡಿ ತಿಳಿಸಿದ್ದೆ. ತಪ್ಪಿಸಿದ 2 ಸೇರಿ 16 ಕ್ಲಾಸ್ ಮುಗಿದಿದೆ. ಅದಕ್ಕೆ ಬಿಡಿ ದರ 350ರಂತೆ 5,600 ಕಳೆದು 3,400 ವಾಪಸ್ ಕೊಡಬೇಕೆಂದು ಕೇಳುತ್ತೇನೆ. ಅದು ಕಷ್ಟವಾದರೆ ಉಳಿದ 20 ಕ್ಲಾಸನ್ನು ನನ್ನ ನಾದಿನಿಯ ಹೆಸರಿಗೆ ಮಾಡಿಕೊಡಿ, ಅವಧಿ ಅವಳು ಸೇರಿದ ದಿನದಿಂದ. 15 ದಿನದೊಳಗೆ ತಿಳಿಸಿ."

ರಶೀದಿಯ ಫೋಟೋ, ಹಾಜರಿ ಪುಸ್ತಕದ ಫೋಟೋ ಒಟ್ಟಿಗೇ ಹಾಕಿದೆ. ಅವರು ಮೊದ್ಲು "ಮೇ ತಿಂಗಳಲ್ಲಿ ನೀವು ಬರದ ಕ್ಲಾಸೂ ಕಳೀಬೇಕು" ಅಂದ್ರು. ಮೇ 4ರ ಫೋನಿನ ದಾಖಲೆ ತೋರಿಸಿದ ಮೇಲೆ ಅವರಿಗೂ ನೆನಪಾಯ್ತು. ನಂಗೆ ಆಗ ಬುದ್ಧಿ ಬಂತು: ಫೋನಲ್ಲಿ ತಾರೀಕು ಉಳೀತದೆ, ಮಾತು ಉಳಿಯೂದಿಲ್ಲ. ಬಿಡೂದು ಅಂತ ತೀರ್ಮಾನ ಆದ ದಿನವೇ ಎರಡು ಸಾಲು ಬರೆದು ಹಾಕ್ಬೇಕು. ಅವಧಿ ಮುಗಿದ ಮೇಲೆ ಕೇಳಿದ್ರೆ "ಇಷ್ಟು ದಿನ ಎಲ್ಲಿದ್ರಿ?" ಅನ್ನೂದಕ್ಕೆ ನಮ್ಮ ಹತ್ರ ಉತ್ತರ ಇರೂದಿಲ್ಲ.

ಕೊನೆಗೆ ಜೂನಲ್ಲಿ 2,000 ಬಂತು, ಉಳಿದ 1,400 ಚೌತಿ ಕಳೆದ ಮೇಲೆ. ಅವರಿಗೂ ಹಾಲಿನ ಬಾಡಿಗೆ ಇದೆ, ಮಳೆಗಾಲದಲ್ಲಿ ಜನ ಕಮ್ಮಿ. ಎರಡು ಕಂತು ನಾನೂ ಒಪ್ಪಿದೆ.

ಒಪ್ಪದೇ ಇದ್ರೆ? 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆ ಕಡೆಯವರ ಹತ್ರ ಮಾತಾಡ್ತಾರೆ, ಆದ್ರೆ ಕೊಡಲೇಬೇಕು ಅಂತ ಆದೇಶ ಮಾಡೂಕೆ ಅವರಿಗೆ ಆಗೂದಿಲ್ಲ. ಆದೇಶ ಬೇಕಂದ್ರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ಬೇಕು. 5 ಲಕ್ಷದ ತನಕ ಶುಲ್ಕ ಇಲ್ಲ, ವಕೀಲರು ಇರಲೇಬೇಕಂತಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು. 2019ರ ಕಾಯ್ದೆ ಪ್ರಕಾರ ನಾವು ಇರೂವ ಜಿಲ್ಲೆಯಲ್ಲೇ ಹಾಕ್ಬಹುದು. ಹಾಗಾಗಿ ಬೆಂಗಳೂರಿನ ಜಿಮ್ಮಿಗೆ ದುಡ್ಡು ಕಟ್ಟಿ ಊರಿಗೆ ವಾಪಸ್ ಬಂದ ಮಗಳೂ ಕಾರವಾರದಲ್ಲೇ ಹಾಕ್ಬಹುದು. ಒಂದು ಮಾತು ನೆನಪಿಡಿ: ಅರ್ಜಿಯಲ್ಲಿ "ಕೊಡದ ಸೇವೆಯ ದುಡ್ಡು ಇಟ್ಕಂಡಿದ್ದಾರೆ" ಅಂತ ಬರೀರಿ. "ಷರತ್ತೇ ಅನ್ಯಾಯ, ರದ್ದು ಮಾಡಿ" ಅಂತ ಕೇಳೂದಾದ್ರೆ ಅದು ರಾಜ್ಯ ಆಯೋಗಕ್ಕೆ ಹೋಗ್ತದೆ.

ಹಂಗಂತ 3,400ಕ್ಕೆ ಕಾರವಾರದ ಬಸ್ಸು ಹತ್ತೂಕೆ ಯಾರಿಗೂ ಹಿತ ಇಲ್ಲ, ನಂಗೂ ಇರ್ಲಿಲ್ಲ. ಅದ್ಕೇ ಅವರು ಒಪ್ಪೂವಂಥ ಲೆಕ್ಕ ಮೊದಲೇ ಹಾಕ್ಬೇಕು ಅನ್ನೂದು. ಮೊನ್ನೆ ಅಂಕೋಲೆ ಪೇಟೆಯಲ್ಲಿ ಆ ಮೇಡಂ ಸಿಕ್ಕಿದ್ರು. "ಅತ್ತೆ ಹೆಂಗಿದ್ದಾರೆ ಅಕ್ಕಾ?" ಕೇಳಿದ್ರು. "ಕೋಲು ಹಿಡ್ಕಂಡು ನಡೀತಾರೆ" ಅಂದೆ. ನಾದಿನಿ ಈಗ ಅವರ ಹತ್ರವೇ ಹೋಗ್ತಾಳೆ, ಆದ್ರೆ ಒಂದೊಂದು ತಿಂಗಳಿನ ದುಡ್ಡು ಮಾತ್ರ ಕಟ್ತಾಳೆ.