ಹೋಳಿಗೆ ಏರಿಸಿದ್ದೆಷ್ಟು, ಬೈಗುಳ ಏರಿಸಿದ್ದೆಷ್ಟು?

"ತನ್ನನ್ನ ತಾನು ಬೈದುಕೊಳ್ಳದೇ ಇರೋನಿಗೆ ಬುದ್ಧಿ ಬರಲ್ಲ ಕಣಯ್ಯ."

ಮೊನ್ನೆ ಊಟಕ್ಕೆ ಬಂದಿದ್ದ ನಮ್ಮ ಭಾವ ಹೇಳಿದ ಮಾತಿದು. ಎದುರಿಗೆ ವಾದ ಮಾಡೋದು ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರೋ ಅಗತ್ಯ ಇಲ್ಲವಲ್ಲ :) ಭಾವನ ಮಾತು ತಪ್ಪು. ಅದು ತಪ್ಪು ಅಂತ ತಿಳಿಯೋಕೆ ನಾನು ಮೂರು ತಿಂಗಳು ದಂಡ ತೆತ್ತಿದ್ದೇನೆ.

ನನಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಒಂದು ಮದುವೆ ಊಟದಲ್ಲಿ ಎಲೆಗೆ ಕಾಯಿ ಹೋಳಿಗೆ ಬಿತ್ತು, ಮೇಲೆ ತುಪ್ಪ. ಒಂದು ತಿಂದೆ. ತಿಂದ ಮರುಕ್ಷಣ ಒಳಗಿನಿಂದ ಶುರುವಾಯ್ತು ನೋಡಿ... "ಥೂ, ನಾಲಿಗೆ ಹಿಡಿತದಲ್ಲಿಲ್ಲದ ಪ್ರಾಣಿ! ನೀನು ಇಷ್ಟೇ." ಆಮೇಲೇನಾಯ್ತು ಗೊತ್ತಾ? ನಾನು ಇಷ್ಟೇ ಅಂದಮೇಲೆ ಇನ್ನೇನು, ಹಾಳಾಗಿ ಹೋಗ್ಲಿ ಅಂತ ಇನ್ನೂ ಮೂರು ಹಾಕಿಸಿಕೊಂಡೆ. ಮನೆಗೆ ಬಂದು ರಕ್ತದ ಸಕ್ಕರೆ ನೋಡೋ ಮೀಟರನ್ನು ಕಪಾಟಿನಲ್ಲಿಟ್ಟವನು ಮತ್ತೆ ಮುಟ್ಟಲಿಲ್ಲ. ಅದರಲ್ಲಿ ಕಾಣುವ ಅಂಕಿ ಇನ್ನೊಂದು ಬೈಗುಳಕ್ಕೆ ದಾರಿ ಅಷ್ಟೆ, ಯಾರಿಗೆ ಬೇಕು? ನೋಡದೇ ಇದ್ದಿದ್ದರಿಂದ ಊಟದ ಲೆಕ್ಕವೂ ತಪ್ಪಿತು, ಸಂಜೆಯ ನಡಿಗೆಯೂ ನಿಂತಿತು. ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮಾಡಿಸಿದರೆ 8.3! ಹಿಂದಿನ ಸಲ 6.9 ಇತ್ತು.

ಈ ಪರೀಕ್ಷೆ ತೋರಿಸೋದು ಸುಮಾರು ಎರಡು ಮೂರು ತಿಂಗಳ ಸರಾಸರಿಯನ್ನ. ಒಂದು ಹೊತ್ತಿನ ಹೋಳಿಗೆ ಸಕ್ಕರೆ ಏರಿಸೋದು ಕೆಲವು ಗಂಟೆ ಮಾತ್ರ, ಅಷ್ಟರಿಂದ ಈ ಅಂಕಿ ಇಷ್ಟು ಏರಲ್ಲ. ಮೂರು ತಿಂಗಳ ಸಕ್ಕರೆ ಏರಿಸಿದ್ದು ನನ್ನ ಬೈಗುಳ.

ಇದು ನನ್ನೊಬ್ಬನ ಕಥೆ ಅಲ್ಲ. 2007ರಲ್ಲಿ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗಿಯರಿಗೆ ಮೊದಲು ಒಂದು ಡೋನಟ್ ತಿನ್ನಿಸಿದರು. ಆಮೇಲೆ ಕೆಲವರಿಗೆ ಮಾತ್ರ "ಇದನ್ನ ಎಲ್ಲರೂ ಒಮ್ಮೊಮ್ಮೆ ತಿಂತಾರೆ, ನಿಮ್ಮನ್ನ ನೀವು ಹಳಿದುಕೊಳ್ಳಬೇಡಿ" ಅನ್ನೋ ಅರ್ಥದ ಒಂದೆರಡು ಮಾತು ಹೇಳಿದರು. ನಂತರ ರುಚಿ ನೋಡೋ ನೆಪದಲ್ಲಿ ಎಲ್ಲರ ಮುಂದೆ ಮಿಠಾಯಿ ಬಟ್ಟಲು ಇಟ್ಟು, ಎಷ್ಟು ಖಾಲಿಯಾಯ್ತು ಅಂತ ತೂಗಿದರು. ಊಟದಲ್ಲಿ ತುಂಬಾ ಕಟ್ಟುನಿಟ್ಟು ಮಾಡುವವರ ಪೈಕಿ ಆ ಮಾತು ಕೇಳದವರು ಜಾಸ್ತಿ ತಿಂದರು, ಕೇಳಿದವರು ಕಮ್ಮಿ ತಿಂದರು! ಭಾವನ ಲೆಕ್ಕದ ಪ್ರಕಾರ ಇದು ಉಲ್ಟಾ ಆಗಬೇಕಿತ್ತು ಅಲ್ವಾ?

ಇದು ಒಂದೇ ಕೂತಿನ ಪ್ರಯೋಗ, ಸಕ್ಕರೆ ಕಾಯಿಲೆಯವರ ಮೇಲೆ ಮಾಡಿದ್ದೂ ಅಲ್ಲ, ಒಪ್ಪಿದೆ. ಒಳ್ಳೆ ಮಾತು ಮಾತ್ರೆಯ ಕೆಲಸವನ್ನೂ ಮಾಡಲ್ಲ. ಆದರೆ 'ಹಾಳಾಗಿ ಹೋಗ್ಲಿ' ಅನ್ನೋ ಗಳಿಗೆ ಹೇಗೆ ಹುಟ್ಟುತ್ತೆ ಅನ್ನೋದು ಅದರಲ್ಲಿ ಚೆನ್ನಾಗಿ ಕಾಣುತ್ತೆ. ಬೈಗುಳದ ನೋವು ತಡೆಯೋಕಾಗದೆ ನಾವು ತಪ್ಪಿನ ಕಡೆ ನೋಡೋದನ್ನೇ ಬಿಡ್ತೀವಿ. ನೋಡದ ತಪ್ಪನ್ನ ತಿದ್ದೋದು ಹೇಗೆ?

ಈ ಯುಗಾದಿಗೆ ಮತ್ತೆ ಎರಡು ಹೋಳಿಗೆ ತಿಂದೆ. ಬೈಗುಳ ಶುರುವಾಗೋ ಹೊತ್ತಿಗೆ, ನನ್ನ ಗೆಳೆಯ ಹೀಗೆ ತಿಂದು ಬಂದು ಹೇಳಿಕೊಂಡಿದ್ರೆ ನಾನೇನು ಅಂತಿದ್ದೆ ಅಂತ ಯೋಚಿಸಿದೆ. "ಹಬ್ಬ ಮಾರಾಯ, ಈ ಕಾಯಿಲೆ ಇರೋರಿಗೆಲ್ಲ ಆಗೋದೇ. ಎರಡು ಸಾಕು, ಈಗ ಮೀಟರ್ ತೆಗಿ." ಅದನ್ನೇ ನನಗೆ ಹೇಳಿಕೊಂಡೆ. ಎರಡು ಗಂಟೆ ಬಿಟ್ಟು ನೋಡಿದರೆ 231. ಪುಸ್ತಕದಲ್ಲಿ ಬರೆದಿಟ್ಟೆ. ಸಂಜೆ ಎಂದಿನ ನಡಿಗೆ, ರಾತ್ರಿ ಎಂದಿನ ಊಟ, ಎಂದಿನ ಮಾತ್ರೆ. ಪ್ರಾಯಶ್ಚಿತ್ತ ಅಂತ ಉಪವಾಸ ಮಾಡಲಿಲ್ಲ, ಹೆಚ್ಚಿಗೆ ಮಾತ್ರೆ ನುಂಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 128.

"ಇದು ನೆಪ ಹೇಳಿಕೊಳ್ಳೋದಲ್ವೇನೋ?" ಅಂತ ಭಾವ ಕೇಳಬಹುದು. ಆಗಲೂಬಹುದು, ಆದರೆ ಗುರುತಿಸೋದು ಸುಲಭ. ಒಳಗಿನ ದನಿ ಮಾತಾಡಿ ಮುಗಿಸಿದ ಮೇಲೆ ಕೈ ಎಲ್ಲಿಗೆ ಹೋಗುತ್ತೆ ಅಂತ ನೋಡಿ. ಮೂರನೇ ಹೋಳಿಗೆಗೆ ಹೋದರೆ ಅದು ನೆಪ. ಮೀಟರಿಗೆ ಹೋದರೆ ಅದು ದಯೆ. ಬೈಗುಳ ನನ್ನ ಕೈಯನ್ನ ಒಮ್ಮೆಯೂ ಮೀಟರಿನ ಕಡೆ ಕಳಿಸಿಲ್ಲ.

ಭಾವ ಮುಂದಿನ ವಾರ ಮತ್ತೆ ಬರ್ತಾರೆ. ಈ ಸಲ ಬಾಯಿ ಬಿಟ್ಟೇ ಹೇಳ್ತೀನಿ. ನೀವೇನಂತೀರಿ?