ದುಡ್ಡು ಕೊಟ್ಟ ಮೇಲೆ ಎಲ್ಲಾ ನಮ್ಮದೇ ಅಲ್ವಾ?

ಮೊನ್ನೆ ಸಾಗರದ ಕಡೆಯಿಂದ ಒಂದು ಫೋನು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಅಕ್ಕ ಒಬ್ಬರು. ಎರಡು ವರ್ಷದ ಹಿಂದೆ ಅವರ ಲೋಗೋ, ಬಾಟಲಿಯ ಲೇಬಲ್, ಜೊತೆಗೆ ಒಂದು ಪುಟ್ಟ ವೆಬ್‌ಸೈಟು, ಇಷ್ಟನ್ನೂ ಮಾಡಿಕೊಟ್ಟವನು ನಾನೇ. "ತಮ್ಮಾ, ನಮ್ಮ ಮಾವಿನಮಿಡಿ ಗೊಂಚಲು ಇನ್ಯಾರದ್ದೋ ಜ್ಯೂಸ್ ಪ್ಯಾಕೆಟ್ ಮೇಲೆ ಇದ್ಯಲ್ಲೋ! ಅವರಿಗೆ ಲಾಯರ್ ನೋಟಿಸ್ ಕಳಿಸ್ಲಾ?" ಅಂದರು.

ನನ್ನ ಎದೆ ಧಸಕ್ ಅಂತು. ಯಾಕೆಂದರೆ ಆ ಗೊಂಚಲು ನಾನು ಬರೆದದ್ದಲ್ಲ. ಸ್ಟಾಕ್ ಚಿತ್ರಗಳ ಸೈಟೊಂದರಿಂದ ದುಡ್ಡು ಕೊಟ್ಟು ತಂದ ವೆಕ್ಟರ್. ಬಣ್ಣ ಬದಲಿಸಿ, ಒಂದು ಎಲೆ ಕಿತ್ತು, ಕೆಳಗೆ ಹೆಸರು ಕೂರಿಸಿ ಲೋಗೋ ಅಂತ ಕೊಟ್ಟಿದ್ದೆ. ಜ್ಯೂಸಿನವರ ಡಿಸೈನರ್ ಕೂಡ ಅಲ್ಲಿಂದಲೇ ತಂದಿರಬೇಕು. ಅವರು ಕದ್ದಿಲ್ಲ, ನಾನೂ ಕದ್ದಿಲ್ಲ. "ರಾಯಲ್ಟಿ ಫ್ರೀ" ಅಂದರೆ ಪುಕ್ಕಟೆ ಅಂತಲೂ ಅಲ್ಲ, ನಿಮ್ಮೊಬ್ಬರಿಗೇ ಅಂತಲೂ ಅಲ್ಲ. ಒಮ್ಮೆ ಹಣ ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಅಂತ ಮಾತ್ರ. ಅದೇ ಚಿತ್ರವನ್ನು ಸಾವಿರ ಜನ ಕೊಳ್ಳಬಹುದು. ಚಿತ್ರ ಬರೆದವರು ಎಲ್ಲೋ ಇದ್ದಾರೆ, ಹಕ್ಕು ಅವರದ್ದು. ನಾನು ಕೊಂಡದ್ದು ಬಳಸುವ ಅನುಮತಿ ಮಾತ್ರ.

ಆ ಅನುಮತಿಯಲ್ಲೂ ಒಂದು ಗಂಟಿದೆ. ದೊಡ್ಡ ಸ್ಟಾಕ್ ಸೈಟುಗಳ ಲೈಸೆನ್ಸು ತೆಗೆದು ಓದಿ, ಲೋಗೋದಲ್ಲಿ ಅಥವಾ ಟ್ರೇಡ್‌ಮಾರ್ಕಿನಲ್ಲಿ ಬಳಸಬಾರದು ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಲೇಬಲ್ಲಿನ ಮೂಲೆಯಲ್ಲಿ ಅಲಂಕಾರಕ್ಕೆ ಹಾಕಿದ್ದರೆ ತಕರಾರಿರಲಿಲ್ಲ. ಲೋಗೋ ಅಂದರೆ "ಇದು ನಮ್ಮದು ಮಾತ್ರ" ಅಂತ ಹೇಳುವ ಗುರುತು. ಎಲ್ಲರಿಗೂ ಮಾರುವ ಚಿತ್ರದ ಮೇಲೆ ಒಬ್ಬರು ಹಾಗೆ ಹೇಳುವುದಾದರೂ ಹೇಗೆ? ನಾನು ಓದಿರಲಿಲ್ಲ. ಓದದೆ "I agree" ಒತ್ತಿದವರ ಸಂಘಕ್ಕೆ ನಾನು ಅಜೀವ ಸದಸ್ಯ :-)

ಅಕ್ಕ ಆಗಲೇ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಲು ಹೊರಟಿದ್ದರು. ಸಣ್ಣ ಉದ್ಯಮಕ್ಕೆ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಇನ್ನೊಬ್ಬರು ಕಾಪಿರೈಟಿನ ಬಲದಿಂದ ಒಂದು ಗುರುತಿನ ಬಳಕೆಯನ್ನು ತಡೆಯಬಹುದಾದರೆ ಅದರ ನೋಂದಣಿಯನ್ನೂ ವಿರೋಧಿಸಬಹುದು. ಅಂದರೆ ಶುಲ್ಕ ನೀರಲ್ಲಿ ಹೋಮ ಆಗುವ ಸಾಧ್ಯತೆ. ಅದಕ್ಕಿಂತ ಹೆಚ್ಚಾಗಿ, ಆ ಗುರುತಿನ ಮೇಲೆ ಎರಡು ವರ್ಷ ಕಟ್ಟಿದ ಹೆಸರು.

"ಅಕ್ಕಾ, ತಪ್ಪು ನಂದು" ಅಂತ ಹೇಳಿ ವಿಷಯ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲ ಮಾರಾಯಾ, ದುಡ್ಡು ಕೊಟ್ಟ ಮೇಲೆ ಎಲ್ಲಾ ನಮ್ಮದೇ ಅಲ್ವಾ?"

ಈ ಪ್ರಶ್ನೆಗೆ ಕಾನೂನಿನ ಉತ್ತರ ಕೇಳಿದರೆ ಬಹಳ ಗಿರಾಕಿಗಳಿಗೆ ಸಿಟ್ಟೇ ಬರುತ್ತದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ನಿನಂತೆ ಕೃತಿಯ ಮೊದಲ ಒಡೆಯ ಅದನ್ನು ಮಾಡಿದವನು. ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಮಾಡಿದ್ದರೆ ಮಾಲೀಕರದ್ದು. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಭಾವಚಿತ್ರ ಇಂಥ ಕೆಲವಕ್ಕೆ ಬೇರೆ ನಿಯಮ ಇದೆ, ಅವು ತೆಗೆಸಿದವರದ್ದು. ಆದರೆ ಫ್ರೀಲಾನ್ಸರ್ ನೌಕರನಲ್ಲ. ನಾನು ಬರೆದ ಲೇಬಲ್ ವಿನ್ಯಾಸ, ಬಿಲ್ ಚುಕ್ತಾ ಆದ ಮೇಲೂ, ಬರವಣಿಗೆಯಲ್ಲಿ ಬಿಟ್ಟುಕೊಡುವವರೆಗೆ ನನ್ನದೇ. ಅಕ್ಕನಿಗೆ ಸಿಕ್ಕುವುದು ಬಳಸುವ ಅನುಮತಿ. ಬಿಟ್ಟುಕೊಡುವುದಕ್ಕೂ 19ನೇ ಸೆಕ್ಷನ್ ಕಾಗದ, ಸಹಿ ಕೇಳುತ್ತದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈಗೆ ಉಪ್ಪಿನಕಾಯಿ ಕಳಿಸುವವರು ಇದನ್ನು ಗಮನಿಸಬೇಕು.

ನಮ್ಮವರಲ್ಲಿ ಕೆಲವರು ಈ ಕಾನೂನನ್ನೇ ಹಿಡಿದು ಗಿರಾಕಿಯನ್ನು ಆಟ ಆಡಿಸುತ್ತಾರೆ. ಕೋರೆಲ್ ಫೈಲ್ ಬೇಕಾ, ಇನ್ನಷ್ಟು ಕೊಡಿ ಅಂತ. ನನಗೆ ಅದು ಸರಿ ಕಾಣುವುದಿಲ್ಲ. ಒಬ್ಬರ ಹೆಸರಿಗೇ ಅಂತ ಮಾಡಿದ ಗುರುತನ್ನು ಹಣ ಪಡೆದ ಮೇಲೆ ಅವರಿಗೆ ಬರೆದುಕೊಡಬೇಕು. ಹಾಗಂತ ಗಿರಾಕಿಯ ಕಡೆಯವರು ಕೊಡುವ "ಈ ಕೆಲಸದ ಎಲ್ಲ ಹಕ್ಕುಗಳೂ ನಮಗೆ" ಎಂಬ ಒಂದು ಸಾಲಿನ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕುವುದೂ ತಪ್ಪು. ನನ್ನದಲ್ಲದ್ದನ್ನು ನಾನು ಹೇಗೆ ಕೊಡಲಿ? ನನ್ನ ಆ ಕೆಲಸದಲ್ಲೇ ಅಂಥವು ಎಷ್ಟಿದ್ದವು ಅಂತ ಆಮೇಲೆ ಕೂತು ನೋಡಿದೆ.

ಹೆಸರಿಗೆ ಬಳಸಿದ ಅಕ್ಷರ ಬಾಲೂ ತಮ್ಮ. ಅದು ಓಪನ್ ಫಾಂಟ್ ಲೈಸೆನ್ಸಿನದು, ಲೋಗೋಗೂ ವೆಬ್‌ಸೈಟಿಗೂ ಧಾರಾಳವಾಗಿ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರಬಾರದು ಅಷ್ಟೇ. ಅಲ್ಲಿ ಬಚಾವಾದೆ. ಆದರೆ ವೆಬ್‌ಸೈಟಿನ ಪಠ್ಯಕ್ಕೆ ವಿಂಡೋಸ್ ಜೊತೆ ಬರುವ ತುಂಗಾ ಫಾಂಟನ್ನು ಸರ್ವರಿಗೆ ಏರಿಸಿದ್ದೆ! ತುಂಗಾದಲ್ಲಿ ಅಕ್ಷರ ಜೋಡಿಸಿ ಮುದ್ರಿಸಿದರೆ ಏನೂ ಇಲ್ಲ. ಫಾಂಟಿನ ಫೈಲನ್ನೇ ಸೈಟಿನಲ್ಲಿಟ್ಟು ಬಂದವರಿಗೆಲ್ಲ ಇಳಿಸುವುದು ಬೇರೆ ಮಾತು, ವಿಂಡೋಸ್ ಲೈಸೆನ್ಸು ಅದಕ್ಕೆ ಒಪ್ಪುವುದಿಲ್ಲ. ದುಡ್ಡು ಕೊಟ್ಟು ತಂದ ಫಾಂಟುಗಳಲ್ಲೂ ಸಾಮಾನ್ಯವಾಗಿ ಹೀಗೇ, ಕಂಪ್ಯೂಟರಿಗೆ ಒಂದು ಲೈಸೆನ್ಸು, ವೆಬ್ಬಿಗೆ ಇನ್ನೊಂದು. ನಿಮ್ಮ ಸೈಟಿನ ಫೋಲ್ಡರಿನಲ್ಲಿ .ttf ಅಥವಾ .woff2 ಫೈಲ್ ಇದ್ದರೆ ಅದು ಎಲ್ಲಿಂದ ಬಂತು ಅಂತ ಮಾಡಿದವರನ್ನು ಕೇಳಿ. ಪ್ರೆಸ್ಸಿಗೆ ಕಳಿಸುವಾಗಲೂ ಫಾಂಟ್ ಫೈಲ್ ಜೊತೆಗಿಡುವ ಬದಲು ಅಕ್ಷರಗಳನ್ನು ಕರ್ವ್ ಮಾಡಿ ಕಳಿಸಿದರೆ ಆ ತಲೆನೋವಿಲ್ಲ.

ಇನ್ನು ವೆಬ್‌ಸೈಟಿನ ಟೆಂಪ್ಲೇಟು. ಥೀಮ್‌ಫಾರೆಸ್ಟಿನಿಂದ ರೆಗ್ಯುಲರ್ ಲೈಸೆನ್ಸಿನಲ್ಲಿ ಕೊಂಡದ್ದು. ಅದರ ನಿಯಮ ಚೊಕ್ಕವಾಗಿದೆ: ಒಂದು ಗಿರಾಕಿಗೆ ಒಂದು ಸೈಟು ಮಾಡಿ ಕೊಡಬಹುದು, ಎಷ್ಟಾದರೂ ಹಣ ಕೇಳಬಹುದು, ಲೈಸೆನ್ಸು ಸೈಟಿನ ಜೊತೆಗೇ ಗಿರಾಕಿಗೆ ಹೋಗುತ್ತದೆ. ಅದನ್ನೇ ಇನ್ನೊಬ್ಬರಿಗೆ ಬಳಸಬೇಕಾದರೆ ಮತ್ತೆ ಕೊಳ್ಳಬೇಕು. ಅಕ್ಕನ ಮೈದುನ ಹೋಮ್‌ಸ್ಟೇಗೆ "ಇದೇ ಸೈಟನ್ನ ಕಾಪಿ ಮಾಡಿ ಹೆಸರು ಬದಲಾಯ್ಸಿ ಕೊಡಿ, ಹತ್ತು ನಿಮಿಷದ ಕೆಲಸ" ಅಂದಿದ್ದರು. ಹತ್ತು ನಿಮಿಷ ನಿಜ, ಆದರೆ ಇನ್ನೊಂದು ಲೈಸೆನ್ಸು.

ನಾನೇ ವರ್ಷಗಟ್ಟಲೆ ಕೂಡಿಸಿಟ್ಟ ಲೇಬಲ್ ಚೌಕಟ್ಟು, ಪೌಷ್ಟಿಕಾಂಶದ ಕೋಷ್ಟಕ ಇಂಥವೂ ಅದರಲ್ಲಿದ್ದವು. ಅವನ್ನು ನಾಳೆ ಸಾಂಬಾರ್ ಪುಡಿಯವರಿಗೂ ಬಳಸುತ್ತೇನೆ. ಅವು ಅಡಿಗೆಯವನ ಸೌಟಿದ್ದ ಹಾಗೆ, ಊಟದ ಜೊತೆ ಕೊಟ್ಟು ಬರಲಾಗುವುದಿಲ್ಲ. ಬಳಸುವ ಅನುಮತಿ ಕೊಟ್ಟು ಹಕ್ಕು ಇಟ್ಟುಕೊಳ್ಳುತ್ತೇನೆ, ಅದನ್ನು ಬಾಯಿ ಬಿಟ್ಟು ಮೊದಲೇ ಹೇಳುತ್ತೇನೆ.

ಕೊನೆಗೆ ಗೊಂಚಲನ್ನು ಹೊಸದಾಗಿ ಬರೆದೆ. ಹಳೆಯದರ ಮೇಲೆ ಪೆನ್ ಟೂಲ್ ಓಡಿಸಿ ಗೆರೆ ಎಳೆದರೆ ಅದೂ ನಕಲೇ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಅಕ್ಕ ತಮ್ಮ ತೋಟದ ಮರದ ಫೋಟೋ ಕಳಿಸಿದರು, ಸೊನೆ ಒಸರುವ ತೊಟ್ಟು ಸಮೇತ. ಅದನ್ನು ನೋಡಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಸ್ಕ್ಯಾನ್ ಮಾಡಿದೆ, ಆ ಹಾಳೆಯನ್ನೂ ತಾರೀಕು ಹಾಕಿ ಎತ್ತಿಟ್ಟಿದ್ದೇನೆ. ಈ ಕೆಲಸಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಜೊತೆಗೆ ಒಂದು ಹಾಳೆ ಬರೆದು ಸಹಿ ಹಾಕಿ ಕಳಿಸಿದೆ. ಲೋಗೋ ಮತ್ತು ಲೇಬಲ್ಲಿನ ಚಿತ್ರ: ಕಾಪಿರೈಟಿನ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ, ಅಕ್ಕನ ಸಂಸ್ಥೆಗೆ. ಚೌಕಟ್ಟು, ಕೋಷ್ಟಕ: ನನ್ನದು, ಅವರು ಬಳಸಬಹುದು. ಫಾಂಟು, ಥೀಮು: ಬೇರೆಯವರದ್ದು, ಲೈಸೆನ್ಸಿನ ಪ್ರತಿ, ಖರೀದಿ ರಸೀದಿ ಲಗತ್ತಿಸಿದೆ. ಅಕ್ಕ ಓದಿ, "ಇಷ್ಟನ್ನ ಮೊದಲೇ ಕೊಟ್ಟಿದ್ರೆ ಹಳೇ ಲೇಬಲ್ ಎಂಟು ಸಾವಿರ ಉಳಿದು ಹೋಗ್ತಿರ್ಲಿಲ್ಲ ನೋಡು" ಅಂದರು. ಅದರ ಪ್ರಿಂಟಿಂಗ್ ಖರ್ಚಿನಲ್ಲಿ ಅರ್ಧ ನಾನು ಕೊಡುತ್ತಿದ್ದೇನೆ, ಎರಡು ಕಂತಿನಲ್ಲಿ.