ವಾಕ್‌-ಇನ್‌ಗೆ ಹೊರಡುವ ಮುನ್ನ ಹೆಸರು ನೋಡಿಕೊಳ್ಳಿ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಎಷ್ಟೋ ಹುಡುಗ ಹುಡುಗಿಯರು ಬೆಳಗಿನ ಬಸ್ಸು ಹಿಡಿದು ಹೂಟಗಳ್ಳಿಗೋ ನಂಜನಗೂಡಿಗೋ ವಾಕ್‌-ಇನ್‌ಗೆ ಹೋಗುತ್ತಾರೆ. ಹೋಗುವ ಮುಂಚೆ ನಾವು ಅವರಿಗೆ ಹೇಳಿಕೊಡುವುದು ಇಂಗ್ಲಿಷಿನಲ್ಲಿ ಸ್ವಪರಿಚಯ ಮತ್ತು ಇಸ್ತ್ರಿ ಮಾಡಿದ ಶರ್ಟು. ಈ ಕಾಲೇಜಿನಲ್ಲಿ ಕಾಮರ್ಸ್ ಓದಿ ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದವನಾಗಿ ಹೇಳುತ್ತೇನೆ: ಅಲ್ಲಿ ತೊಡಕಾಗುವುದು ಇಂಗ್ಲಿಷಿನಿಂದಲ್ಲ, ಕಾಗದದಿಂದ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮನೆಯಲ್ಲೇ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ನಮ್ಮ ಮನೆಗಳ ಹೆಸರುಗಳಲ್ಲಿ ಇದು ಹೆಚ್ಚು ಕಾಡುತ್ತದೆ. ಒಂದರಲ್ಲಿ ‘ಎಂಡಿ’ ಎಂದು ಚಿಕ್ಕದಾಗಿ, ಇನ್ನೊಂದರಲ್ಲಿ ಪೂರ್ತಿ ‘ಮೊಹಮ್ಮದ್’, ‘ಬಾನು’ವಿನಲ್ಲಿ ಒಂದು ಎಚ್ ಹೆಚ್ಚು, ಒಂದು ಕಡೆ ತಂದೆಯ ಹೆಸರು ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ. ಸಂದರ್ಶನದ ದಿನ ಇದನ್ನು ಯಾರೂ ಗಮನಿಸದೇ ಇರಬಹುದು. ಆದರೆ ಪಿಎಫ್‌ಗಾಗಿ ಕೊಡುವ ಯುಎಎನ್ ಸಂಖ್ಯೆ ಆಧಾರ್‌ನ ಹೆಸರಿನ ಮೇಲೆ ನಿಲ್ಲುತ್ತದೆ. ಮುಂದೆ ಕೆಲಸ ಬಿಟ್ಟು ಆ ದುಡ್ಡು ತೆಗೆಯಲು ಹೋದಾಗ ಬ್ಯಾಂಕಿನ ಹೆಸರು, ಆಧಾರ್‌ನ ಹೆಸರು ಹೊಂದದಿದ್ದರೆ ಅರ್ಜಿ ತಿರಸ್ಕಾರವಾಗಿ ವಾಪಸ್ ಬರುತ್ತದೆ.

ವ್ಯತ್ಯಾಸ ಕಂಡರೆ ಯಾವುದನ್ನು ತಿದ್ದಿಸಬೇಕು? ಅಂಕಪಟ್ಟಿ ತಿದ್ದಿಸುವುದು ಶಾಲೆಯಿಂದ ಪರೀಕ್ಷಾ ಮಂಡಳಿಯವರೆಗೆ ಅಲೆದಾಟ. ಅದರಲ್ಲಿ ಇರುವುದು ಸರಿಯಾಗಿದ್ದರೆ ಆಧಾರ್ ಅನ್ನೇ ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಿಗುವುದು ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಕೇಂದ್ರದಲ್ಲಿ ಆಪರೇಟರ್ ಟೈಪ್ ಮಾಡಿದ್ದನ್ನು ಸಹಿ ಹಾಕುವ ಮೊದಲು ನೀವೇ ಓದಿ.

ಮೂಲ ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ‘ಒರಿಜಿನಲ್ ನಮ್ಮ ಹತ್ತಿರ ಇರಲಿ’ ಎನ್ನುವವರ ಮುಂದೆ, ‘ಡಿಗ್ರಿ ಅಡ್ಮಿಷನ್‌ಗೆ ಬೇಕು ಸರ್’ ಎಂದರೆ ಸಾಕು. ಅದಕ್ಕೂ ಒಪ್ಪದವರ ಕೆಲಸ ಬೇಡ.

ಒಳಗೆ ಕೇಳುವುದು ಬಹಳ ಇರುವುದಿಲ್ಲ: ಯಾವ ಊರು, ಯಾವ ವರ್ಷ ಪಾಸು, ಶಿಫ್ಟ್‌ಗೆ ಬರುತ್ತೀರಾ, ಯಾವಾಗ ಸೇರುತ್ತೀರಿ. ಕನ್ನಡದಲ್ಲೇ ನೇರವಾಗಿ ಉತ್ತರಿಸಿ. ‘ಯಾವ ಕೆಲಸ ಆದರೂ ಸರಿ ಸರ್’ ಎನ್ನಬೇಡಿ. ಕಾಮರ್ಸ್ ಓದಿದವರು ಸ್ಟೋರ್ಸ್‌ನಲ್ಲಿ ಸ್ಟಾಕ್ ಬರೆಯಬಲ್ಲೆ ಎನ್ನಬಹುದು. ಶಿಫ್ಟ್ ಮಾತು ಬಂದಾಗ ಕಂಪನಿ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿಬಿಡಿ. ಎರಡನೇ ಶಿಫ್ಟ್ ಬಿಡುವುದು ರಾತ್ರಿ. ಆ ಹೊತ್ತಿನಲ್ಲಿ ಹುಣಸೂರು ಮುಟ್ಟಿದರೂ ಅಲ್ಲಿಂದ ಹಳ್ಳಿಗೆ ಹೋಗುವುದು ಹೇಗೆಂದು ಅಪ್ಪ ಕೇಳಿದಾಗ ಉತ್ತರ ಬೇಕಲ್ಲ.

ಆಮೇಲೆ ಸಂಬಳ. ‘ತಿಂಗಳಿಗೆ ಹದಿನಾರು ಸಾವಿರ’ ಎಂದ ಕೂಡಲೇ ತಲೆ ಆಡಿಸಬೇಡಿ. ಅದು ಸಿಟಿಸಿಯೋ, ಕೈಗೆ ಬರುವುದೋ? ಒಂದು ಲೆಕ್ಕ ನೋಡಿ. ಬೇಸಿಕ್ ಮತ್ತು ಡಿಎ ಸೇರಿ 12,000, ಇತರ ಭತ್ಯೆ 2,000, ಒಟ್ಟು 14,000 ಇದೆ ಎನ್ನಿ. ಕಂಪನಿ ತನ್ನ ಪಾಲಿನ ಪಿಎಫ್ ಶೇ. 12 ಅಂದರೆ 1,440, ಇಎಸ್‌ಐ ಶೇ. 3.25 ಅಂದರೆ 455 ಸೇರಿಸಿ 15,895 ಮಾಡಿ ‘ಹದಿನಾರು’ ಎನ್ನುತ್ತದೆ. ಇನ್ನು ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ ಶೇ. 0.75 ಅಂದರೆ 105 ಆ ಹದಿನಾಲ್ಕರಲ್ಲಿ ಕಡಿತ. ಕೈಗೆ 12,455. ಕ್ಯಾಂಟೀನು, ಬಸ್ಸಿಗೆ ಹಿಡಿದರೆ ಇನ್ನೂ ಕಡಿಮೆ. ಇದು ಮೋಸವಲ್ಲ, ಪಿಎಫ್ ನಿಮ್ಮದೇ ದುಡ್ಡು, ಇಎಸ್‌ಐನಿಂದ ಆಸ್ಪತ್ರೆ ಖರ್ಚು ಉಳಿಯುತ್ತದೆ. ಆದರೆ ಹದಿನಾರು ಎಂದುಕೊಂಡು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದವನಿಗೆ ಮೊದಲ ತಿಂಗಳೇ ಮೂರೂವರೆ ಸಾವಿರ ಕಡಿಮೆ ಬೀಳುತ್ತದೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ‘ಸರ್, ಆರ್ಡರ್ ಯಾರ ಹೆಸರಿನಲ್ಲಿ ಕೊಡುತ್ತೀರಿ?’ ಗೇಟಿನ ಮೇಲೆ ದೊಡ್ಡ ಕಂಪನಿಯ ಬೋರ್ಡು ಇದ್ದರೂ ನಿಮ್ಮನ್ನು ಸೇರಿಸಿಕೊಳ್ಳುವುದು ಗುತ್ತಿಗೆದಾರನಾಗಿರಬಹುದು. ಆಗ ಸಂಬಳ ಹಾಕುವುದು, ಪಿಎಫ್ ಕಟ್ಟುವುದು ಅವನ ಕೆಲಸ. ಅಪ್ರೆಂಟಿಸ್ ಎಂದರೆ ಲೆಕ್ಕವೇ ಬೇರೆ: ಸಿಗುವುದು ಸ್ಟೈಪೆಂಡ್, ಪಿಎಫ್, ಇಎಸ್‌ಐ ಇಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ಕಲಿಯಲು ಒಳ್ಳೆಯದೇ, ತಿಳಿದು ಸೇರಿದರೆ. ಗುತ್ತಿಗೆಯಲ್ಲಿ ಸೇರಿದವರು ಮೂರನೇ ತಿಂಗಳಲ್ಲಿ ಪಿಎಫ್ ಪಾಸ್‌ಬುಕ್ ಅನ್ನು ಮೊಬೈಲಿನಲ್ಲಿ ತೆರೆದು ನೋಡಿ. ಚೀಟಿಯಲ್ಲಿ 1,440 ಕಡಿತವಾಗಿ ಪಾಸ್‌ಬುಕ್ ಖಾಲಿ ಇದ್ದರೆ, ಸಂಬಳದ ಚೀಟಿ ಹಿಡಿದು ಮೈಸೂರಿನ ಪಿಎಫ್ ಕಚೇರಿಗೆ ದೂರು ಕೊಡಬಹುದು. ಚೀಟಿ ಎಸೆಯಬೇಡಿ ಎನ್ನುವುದು ಅದಕ್ಕೇ.

ನಮ್ಮ ಕಾಲೇಜಿನಲ್ಲಿ ಅಕೌಂಟೆನ್ಸಿ ಮೇಷ್ಟ್ರುಗಳಿದ್ದಾರೆ. ಫೆಬ್ರವರಿಯೊಳಗೆ ಒಂದು ಶನಿವಾರ ದ್ವಿತೀಯ ಪಿಯುಸಿಯವರೆಲ್ಲ ನಾಲ್ಕು ಕಾಗದ ತಂದು ಹೆಸರು ಹೋಲಿಸುವಂತೆ, ಬೋರ್ಡಿನ ಮೇಲೆ ಒಂದು ಸಂಬಳದ ಚೀಟಿ ಬಿಡಿಸುವಂತೆ ಮಾಡಲು ಒಂದು ಪೀರಿಯಡ್ ಸಾಕು.